ಮೇಲ್ ಮತ್ತು ಫೋನ್ ಲಿಂಕ್‌ಗಳನ್ನು ಯಾರ ಕೈಗೆ ಕೊಡಬೇಕು: ಬ್ರೌಸರ್‌ಗೋ, ವಿಂಡೋಸ್‌ಗೋ?

ವೆಬ್ ಪುಟದಲ್ಲಿರುವ ಇಮೇಲ್ ವಿಳಾಸವನ್ನು ಒತ್ತಿದಾಗ ದಿನವೂ ಬಳಸುವ ಜಿಮೇಲ್ ತೆರೆಯುವ ಬದಲು ಎಂದೂ ಮುಟ್ಟದ ಬೇರೊಂದು ಮೇಲ್ ಆ್ಯಪ್ ಎದ್ದು ಬಂದು ಖಾತೆ ಸೇರಿಸಿ ಎಂದು ಕೇಳುತ್ತದೆ. ಕೆಲವು ಕಂಪ್ಯೂಟರ್‌ಗಳಲ್ಲಿ ಖಾಲಿ ಟ್ಯಾಬ್ ತೆರೆಯುತ್ತದೆ, ಇನ್ನು ಕೆಲವದರಲ್ಲಿ ಏನೂ ಆಗುವುದಿಲ್ಲ. ಇದಕ್ಕೆ ಪರಿಹಾರ ಹುಡುಕಿದವರಿಗೆ ಸಿಗುವ ಸಲಹೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಒಬ್ಬರು ಕ್ರೋಮ್‌ನ ಸೆಟ್ಟಿಂಗ್ ಬದಲಿಸಿ ಎನ್ನುತ್ತಾರೆ, ಇನ್ನೊಬ್ಬರು ವಿಂಡೋಸ್‌ನ ಸೆಟ್ಟಿಂಗ್ ಬದಲಿಸಿ ಎನ್ನುತ್ತಾರೆ. ಎರಡೂ ಸರಿಯೇ, ಆದರೆ ಅವು ಬೇರೆ ಬೇರೆ ಕೆಲಸ ಮಾಡುತ್ತವೆ. ಯಾವುದನ್ನು ಆರಿಸಬೇಕೆಂಬುದು ನಿಮಗೆ ಯಾವ ಆ್ಯಪ್ ಇಷ್ಟ ಎಂಬುದಕ್ಕಿಂತ ಹೆಚ್ಚಾಗಿ, ನೀವು ಲಿಂಕನ್ನು ಎಲ್ಲಿಂದ ಒತ್ತುತ್ತೀರಿ ಎಂಬುದರ ಮೇಲೆ ನಿಂತಿದೆ. ಇಲ್ಲಿನ ಹೋಲಿಕೆ ಮುಖ್ಯವಾಗಿ ವಿಂಡೋಸ್ 10 ಮತ್ತು 11, ಕ್ರೋಮ್ ಮತ್ತು ಫೈರ್‌ಫಾಕ್ಸ್ ಬಳಸುವವರಿಗಾಗಿ ಇದೆ. ಮೊಬೈಲಿನ ವಿಷಯ ಕೊನೆಯಲ್ಲಿ ಚಿಕ್ಕದಾಗಿ ಬರುತ್ತದೆ.

ಎರಡು ದಫ್ತರಗಳು

ಸಾಮಾನ್ಯ ಲಿಂಕ್ `https:` ಎಂದು ಆರಂಭವಾಗುತ್ತದೆ, ಅದನ್ನು ಬ್ರೌಸರ್ ತಾನೇ ತೆರೆಯುತ್ತದೆ. ಮೇಲ್ ಲಿಂಕ್ `mailto:` ಎಂದೂ ಫೋನ್ ಲಿಂಕ್ `tel:` ಎಂದೂ ಆರಂಭವಾಗುತ್ತವೆ. ಇವುಗಳನ್ನು ತೆರೆಯುವುದು ಬ್ರೌಸರ್‌ನ ಸ್ವಂತ ಕೆಲಸವಲ್ಲವಾದ್ದರಿಂದ, ಹೊಣೆ ಹೊತ್ತವರು ಯಾರು ಎಂದು ಅದು ಹುಡುಕಬೇಕಾಗುತ್ತದೆ. ಆ ಹೊಣೆಗಾರನಿಗೆ ಹ್ಯಾಂಡ್ಲರ್ ಎಂದು ಹೆಸರು.

ಹ್ಯಾಂಡ್ಲರ್‌ನ ಹೆಸರು ಬರೆದಿಟ್ಟಿರುವ ದಫ್ತರಗಳು ಎರಡು. ಒಂದು ಬ್ರೌಸರ್‌ನೊಳಗೇ ಇದ್ದು, ಜಿಮೇಲ್‌ನಂತಹ ವೆಬ್ ತಾಣಗಳಿಗೆ ಹೊಣೆ ವಹಿಸುವುದು ಇಲ್ಲಿ ಮಾತ್ರ ಸಾಧ್ಯ. ಇನ್ನೊಂದು ವಿಂಡೋಸ್‌ನ ಬಳಿ ಇದ್ದು, ಅದಕ್ಕೆ ಗೊತ್ತಿರುವುದು ಕಂಪ್ಯೂಟರ್‌ನಲ್ಲಿ ಇನ್‌ಸ್ಟಾಲ್ ಆಗಿರುವ ಪ್ರೋಗ್ರಾಮ್‌ಗಳು ಮಾತ್ರ. ಕ್ರೋಮ್‌ನೊಳಗಿನ ಪುಟದಲ್ಲಿ ಮೇಲ್ ಲಿಂಕ್ ಒತ್ತಿದರೆ ಕ್ರೋಮ್ ಮೊದಲು ತನ್ನ ದಫ್ತರವನ್ನು ನೋಡುತ್ತದೆ, ಅಲ್ಲಿ ಯಾರ ಹೆಸರೂ ಇಲ್ಲದಿದ್ದರೆ ಮಾತ್ರ ವಿಂಡೋಸ್‌ಗೆ ಒಪ್ಪಿಸುತ್ತದೆ. ಅದೇ ಲಿಂಕನ್ನು ವರ್ಡ್ ಕಡತದಲ್ಲೋ ಪಿಡಿಎಫ್ ರೀಡರ್‌ನಲ್ಲೋ ಒತ್ತಿದರೆ ಬ್ರೌಸರ್‌ನ ದಫ್ತರವನ್ನು ಯಾರೂ ಕೇಳುವುದಿಲ್ಲ. ಪ್ರಶ್ನೆ ನೇರವಾಗಿ ವಿಂಡೋಸ್‌ಗೇ ಹೋಗುತ್ತದೆ. ಬ್ರೌಸರ್‌ನಲ್ಲಿ ಸರಿಯಾಗಿರುವುದು ಪಿಡಿಎಫ್‌ನಲ್ಲಿ ಕೆಡುವುದಕ್ಕೆ ಕಾರಣ ಇಷ್ಟೇ.

ಆರಿಸುವ ಮುನ್ನ ಒಂದು ಪರೀಕ್ಷೆ

ಯಾವ ದಫ್ತರದಲ್ಲಿ ತಪ್ಪಿದೆ ಎಂದು ತಿಳಿಯಲು ಒಂದು ನಿಮಿಷ ಸಾಕು. ವಿಂಡೋಸ್ ಕೀ ಮತ್ತು R ಒಟ್ಟಿಗೆ ಒತ್ತಿ, ಬರುವ ಚಿಕ್ಕ ಪೆಟ್ಟಿಗೆಯಲ್ಲಿ ಈ ಸಾಲನ್ನು ಟೈಪ್ ಮಾಡಿ ಎಂಟರ್ ಒತ್ತಿ:

```
mailto:test@example.com
```

ಈಗ ಏನು ತೆರೆಯಿತೋ ಅದು ವಿಂಡೋಸ್‌ನ ಉತ್ತರ. ಬಳಿಕ ಇದೇ ಸಾಲನ್ನು ಬ್ರೌಸರ್‌ನ ವಿಳಾಸದ ಪಟ್ಟಿಯಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದರೆ ಬ್ರೌಸರ್‌ನ ಉತ್ತರ ತಿಳಿಯುತ್ತದೆ. ಎರಡೂ ಕಡೆ ನಿಮಗೆ ಬೇಕಾದ ಆ್ಯಪ್ ತೆರೆದು, ಒಂದು ನಿರ್ದಿಷ್ಟ ಪುಟದ ಲಿಂಕ್ ಮಾತ್ರ ಕೆಲಸ ಮಾಡದಿದ್ದರೆ ದೋಷ ಆ ಪುಟದ್ದು, ನಿಮ್ಮ ಸೆಟ್ಟಿಂಗ್‌ನದಲ್ಲ. ಲಿಂಕಿನ ಮೇಲೆ ಮೌಸ್ ಇಟ್ಟು ಬ್ರೌಸರ್‌ನ ಎಡ ಕೆಳಮೂಲೆಯನ್ನು ನೋಡಿದರೆ ಇದು ಖಚಿತವಾಗುತ್ತದೆ: ಪುಟ ಬರೆದವರು `mailto:` ಸೇರಿಸಲು ಮರೆತಿದ್ದರೆ ಅಲ್ಲಿ ಆ ತಾಣದ ವಿಳಾಸದ ಬಾಲಕ್ಕೇ ಇಮೇಲ್ ಅಂಟಿಕೊಂಡಿರುತ್ತದೆ, ಒತ್ತಿದರೆ ಪುಟ ಸಿಗಲಿಲ್ಲ ಎಂಬ ಸಂದೇಶ ಬರುತ್ತದೆ. ಅಂಥ ಲಿಂಕಿಗಾಗಿ ಸೆಟ್ಟಿಂಗ್ ತಡಕಾಡುವುದು ವ್ಯರ್ಥ.

ಮೊದಲ ಆಯ್ಕೆ: ಬ್ರೌಸರ್‌ನೊಳಗೆ ಜಿಮೇಲ್

ಇಡೀ ದಿನ ಬ್ರೌಸರ್‌ನಲ್ಲೇ ಕಳೆಯುವವರಿಗೆ, ಅಂದರೆ ಓದುವುದು, ಬರೆಯುವುದು, ಮೇಲ್ ನೋಡುವುದು ಎಲ್ಲವೂ ಕ್ರೋಮ್‌ನಲ್ಲೇ ಆಗುವವರಿಗೆ, ಇದು ಅತ್ಯಂತ ಸುಲಭದ ದಾರಿ. ಕ್ರೋಮ್‌ನಲ್ಲಿ ಜಿಮೇಲ್ ತೆರೆದಾಗ ವಿಳಾಸದ ಪಟ್ಟಿಯ ಬಲತುದಿಯಲ್ಲಿ ಒಂದರ ಮೇಲೊಂದು ಕೂತ ಎರಡು ವಜ್ರಾಕೃತಿಗಳ ಚಿಕ್ಕ ಗುರುತು ಕಾಣಿಸುತ್ತದೆ. ಅದನ್ನು ಒತ್ತಿ, ಎಲ್ಲ ಇಮೇಲ್ ಲಿಂಕ್‌ಗಳನ್ನು ತೆರೆಯಲು ಈ ತಾಣಕ್ಕೆ ಅನುಮತಿ ಕೊಟ್ಟರೆ ಮುಗಿಯಿತು.

ಗುರುತು ಕಾಣದಿದ್ದರೆ ವಿಳಾಸದ ಪಟ್ಟಿಯಲ್ಲಿ `chrome://settings/handlers` ಎಂದು ಟೈಪ್ ಮಾಡಿ. ಅಲ್ಲಿ ಮೊದಲು ಗಮನಿಸಬೇಕಾದದ್ದು ತಾಣಗಳು ಹೊಣೆ ಕೇಳಬಹುದು ಎಂಬ ಆಯ್ಕೆ, ಅಂದರೆ `Sites can ask to handle protocols` ಚಾಲ್ತಿಯಲ್ಲಿದೆಯೇ ಎಂಬುದು. ಎರಡನೆಯದು, ಎಂದೋ ಒಮ್ಮೆ ಅವಸರದಲ್ಲಿ ಬೇಡ ಎಂದು ಒತ್ತಿದ್ದರೆ ಕ್ರೋಮ್ ಅದನ್ನು ನೆನಪಿಟ್ಟುಕೊಂಡಿರುತ್ತದೆ ಮತ್ತು ಮತ್ತೆಂದೂ ಕೇಳುವುದಿಲ್ಲ. ಇದೇ ಪುಟದಲ್ಲಿ ಆ ನಿರಾಕರಣೆಯನ್ನು ತೆಗೆದುಹಾಕಿ ಜಿಮೇಲ್ ಪುಟವನ್ನು ಮತ್ತೆ ಲೋಡ್ ಮಾಡಿದರೆ ಗುರುತು ಮರಳುತ್ತದೆ.

ಫೈರ್‌ಫಾಕ್ಸ್‌ನಲ್ಲಿ ಈ ಕೆಲಸ ಇನ್ನೂ ನೇರವಾಗಿದೆ. `Settings` ಪುಟದ `General` ಭಾಗದಲ್ಲಿ `Applications` ಎಂಬ ಪಟ್ಟಿ ಇದ್ದು, ಅದರಲ್ಲಿ `mailto` ಸಾಲಿನ ಎದುರು ಜಿಮೇಲ್ ಬಳಸು, ಪ್ರತಿ ಸಲ ಕೇಳು, ಬೇರೆ ಪ್ರೋಗ್ರಾಮ್ ಬಳಸು ಎಂಬ ಆಯ್ಕೆಗಳಿರುತ್ತವೆ. ಇಲ್ಲೊಂದು ಬಲೆಯಿದೆ. ಬೇರೆ ಪ್ರೋಗ್ರಾಮ್ ಎಂದು ಆರಿಸಿ ಫೈರ್‌ಫಾಕ್ಸ್‌ನ್ನೇ ತೋರಿಸಿಬಿಟ್ಟರೆ, ಅದು ಲಿಂಕನ್ನು ತನಗೇ ತಾನು ಒಪ್ಪಿಸಿಕೊಳ್ಳುತ್ತ ಖಾಲಿ ಟ್ಯಾಬ್‌ಗಳನ್ನು ಒಂದರ ಹಿಂದೊಂದು ತೆರೆಯುತ್ತಲೇ ಹೋಗುತ್ತದೆ. ಹಾಗಾದರೆ ಗಾಬರಿಪಡದೆ ಟಾಸ್ಕ್ ಮ್ಯಾನೇಜರ್‌ನಿಂದ ಅದನ್ನು ಮುಚ್ಚಿ, ಮತ್ತೆ ತೆರೆದು, ಆ ಸಾಲನ್ನು ಪ್ರತಿ ಸಲ ಕೇಳು ಎಂಬುದಕ್ಕೆ ತಿರುಗಿಸಿದರಾಯಿತು.

ಈ ಆಯ್ಕೆಯ ಮಿತಿಗಳು ಎರಡು. ಬ್ರೌಸರ್‌ನ ಹೊರಗೆ ಒತ್ತಿದ ಲಿಂಕಿಗೆ ಇದರಿಂದ ಏನೂ ಪ್ರಯೋಜನವಿಲ್ಲ. ಮತ್ತು ಒಂದಕ್ಕಿಂತ ಹೆಚ್ಚು ಜಿಮೇಲ್ ಖಾತೆಗಳಿಗೆ ಒಂದೇ ಬ್ರೌಸರ್‌ನಲ್ಲಿ ಸೈನ್ ಇನ್ ಆಗಿದ್ದರೆ, ಲಿಂಕ್ ಯಾವಾಗಲೂ ಮೊದಲು ಸೈನ್ ಇನ್ ಆದ ಖಾತೆಯಲ್ಲೇ ತೆರೆಯುತ್ತದೆ. ಎರಡನೆಯ ಖಾತೆಯಲ್ಲೇ ತೆರೆಯಬೇಕೆಂದರೆ ಜಿಮೇಲ್ ಟ್ಯಾಬಿನಲ್ಲಿ F12 ಒತ್ತಿ, `Console` ಎಂಬಲ್ಲಿ ಈ ಸಾಲನ್ನು ಕೊಟ್ಟು, ಬಳಿಕ ಮೇಲೆ ಹೇಳಿದ ಗುರುತಿನಿಂದ ಅನುಮತಿ ಕೊಡಬೇಕು:

```
navigator.registerProtocolHandler("mailto",
  "https://mail.google.com/mail/u/1/?extsrc=mailto&url=%s");
```

ಇಲ್ಲಿ `u/1` ಎಂದರೆ ಎರಡನೆಯ ಖಾತೆ. ಎಣಿಕೆ ಸೊನ್ನೆಯಿಂದ ಆರಂಭವಾಗುತ್ತದೆ. ಇದನ್ನು ಜಿಮೇಲ್‌ನದೇ ಟ್ಯಾಬಿನಲ್ಲಿ ಕೊಡಬೇಕು, ಏಕೆಂದರೆ ಒಂದು ತಾಣದ ಹೆಸರನ್ನು ಇನ್ನೊಂದು ತಾಣ ನೋಂದಾಯಿಸಲು ಬ್ರೌಸರ್ ಬಿಡುವುದಿಲ್ಲ. ಎಲ್ಲ ಖಾತೆಗಳಿಂದ ಸೈನ್ ಔಟ್ ಆಗಿ ಬೇರೆ ಕ್ರಮದಲ್ಲಿ ಮತ್ತೆ ಒಳಬಂದರೆ ಈ ಸಂಖ್ಯೆ ಇನ್ನೊಂದು ಖಾತೆಗೆ ಅನ್ವಯಿಸಿಬಿಡುತ್ತದೆ ಎಂಬುದನ್ನು ಮರೆಯಬಾರದು. ನನ್ನ ಅಭಿಪ್ರಾಯದಲ್ಲಿ ಇದು ಮಾಡಬಹುದಾದ ಉಪಾಯವೇ ಹೊರತು ಕಚೇರಿಯ ಹತ್ತು ಜನರಿಗೆ ಹೇಳಿಕೊಡಬಹುದಾದ ಉಪಾಯವಲ್ಲ. ಎರಡು ಖಾತೆಗಳನ್ನು ಎರಡು ಕ್ರೋಮ್ ಪ್ರೊಫೈಲ್‌ಗಳಲ್ಲಿ ಇಟ್ಟುಕೊಳ್ಳುವುದು ಹೆಚ್ಚು ಬಾಳಿಕೆಯ ದಾರಿ, ಏಕೆಂದರೆ ಹ್ಯಾಂಡ್ಲರ್‌ಗಳ ದಫ್ತರವೂ ಪ್ರೊಫೈಲಿಗೊಂದರಂತೆ ಬೇರೆಯಾಗಿಯೇ ಇರುತ್ತದೆ.

ಎರಡನೆಯ ಆಯ್ಕೆ: ವಿಂಡೋಸ್‌ನಲ್ಲಿ ಮೇಲ್ ಪ್ರೋಗ್ರಾಮ್

ಥಂಡರ್‌ಬರ್ಡ್ ಅಥವಾ ಔಟ್‌ಲುಕ್‌ನಂತಹ ಪ್ರೋಗ್ರಾಮ್ ಬಳಸುವವರು ವಿಂಡೋಸ್‌ನ ದಫ್ತರವನ್ನು ತಿದ್ದಬೇಕು. ವಿಂಡೋಸ್ 11ರಲ್ಲಿ `Settings`, `Apps`, `Default apps` ಎಂದು ಹೋದರೆ ಮೇಲ್ಗಡೆ ಒಂದು ಹುಡುಕುವ ಪೆಟ್ಟಿಗೆ ಸಿಗುತ್ತದೆ. ಅದರಲ್ಲಿ `MAILTO` ಎಂದು ಟೈಪ್ ಮಾಡಿದರೆ ಈಗಿನ ಹ್ಯಾಂಡ್ಲರ್ ಕಾಣಿಸುತ್ತದೆ. ಅದನ್ನು ಒತ್ತಿ ಬೇರೆಯದನ್ನು ಆರಿಸಬಹುದು. ವಿಂಡೋಸ್ 10ರಲ್ಲಿ ಅದೇ ಪುಟದ ಮೇಲ್ಭಾಗದಲ್ಲಿ `Email` ಎಂಬ ಸಾಲಿದ್ದು, ಕೆಳಗೆ ಪ್ರೋಟೋಕಾಲ್ ಪ್ರಕಾರ ಆರಿಸುವ ಪಟ್ಟಿಯೂ ಇದೆ.

ಥಂಡರ್‌ಬರ್ಡ್‌ನೊಳಗೇ ಇದನ್ನು ಡೀಫಾಲ್ಟ್ ಮಾಡು ಎಂಬ ಗುಂಡಿ ಇದ್ದರೂ ಅದನ್ನು ಒತ್ತಿದ ಮಾತ್ರಕ್ಕೆ ವಿಂಡೋಸ್ ಬದಲಾಗದಿರುವುದನ್ನು ಹಲವರು ಕಂಡಿರುತ್ತಾರೆ. ವಿಂಡೋಸ್ ಬಳಕೆದಾರರ ಆಯ್ಕೆಯನ್ನು ರಿಜಿಸ್ಟ್ರಿ ಎಂಬ ತನ್ನ ಸೆಟ್ಟಿಂಗ್‌ಗಳ ಭಂಡಾರದಲ್ಲಿ, ಹ್ಯಾಶ್ ಎಂಬ ಲೆಕ್ಕ ಹಾಕಿದ ಗುರುತಿನೊಂದಿಗೆ ಮುದ್ರೆಯೊತ್ತಿ ಇಡುತ್ತದೆ. ಯಾವುದೋ ಪ್ರೋಗ್ರಾಮ್ ಬಂದು ನಿಮ್ಮನ್ನು ಕೇಳದೆ ಡೀಫಾಲ್ಟ್ ಬದಲಿಸಬಾರದೆಂಬುದು ಅದರ ಉದ್ದೇಶ, ಆದ್ದರಿಂದ ರಿಜಿಸ್ಟ್ರಿಯನ್ನು ಕೈಯಾರೆ ತಿದ್ದುವುದೂ ಫಲ ಕೊಡುವುದಿಲ್ಲ. ಓದಲು ಮಾತ್ರ ಅಡ್ಡಿಯಿಲ್ಲ; ಕಮಾಂಡ್ ಪ್ರಾಂಪ್ಟ್‌ನಲ್ಲಿ ಈ ಸಾಲನ್ನು ಕೊಟ್ಟರೆ `ProgId` ಎದುರಿಗೆ ಈಗಿನ ಹ್ಯಾಂಡ್ಲರ್‌ನ ಹೆಸರು ಬರುತ್ತದೆ:

```
reg query "HKCU\Software\Microsoft\Windows\Shell\Associations\UrlAssociations\mailto\UserChoice"
```

`ChromeHTML` ಎಂದಿದ್ದರೆ ಕ್ರೋಮ್, `FirefoxURL` ಎಂದು ಆರಂಭವಾದರೆ ಫೈರ್‌ಫಾಕ್ಸ್.

ಈ ಆಯ್ಕೆಯ ನಿಜವಾದ ಲಾಭ ಬೇರೆಯೇ ಇದೆ. ಕಡತದ ಮೇಲೆ ಬಲ ಕ್ಲಿಕ್ ಮಾಡಿ `Send to`, `Mail recipient` ಎಂದು ಕಳುಹಿಸುವ ರೂಢಿ ನಮ್ಮ ಅನೇಕ ಕಚೇರಿಗಳಲ್ಲಿದೆ. ಅದು `mailto:` ಮೂಲಕ ನಡೆಯುವುದಿಲ್ಲ, ಏಕೆಂದರೆ ಆ ಲಿಂಕಿಗೆ ಕಡತ ಅಂಟಿಸುವ ಶಕ್ತಿಯಿಲ್ಲ. ಅದು ಮ್ಯಾಪಿ ಎಂಬ ಇನ್ನೊಂದು ವ್ಯವಸ್ಥೆಯ ಮೂಲಕ ನಡೆಯುತ್ತದೆ. ಥಂಡರ್‌ಬರ್ಡ್ ಮತ್ತು ಹಳೆಯ ಔಟ್‌ಲುಕ್ ಅದಕ್ಕೆ ಉತ್ತರ ಕೊಡುತ್ತವೆ. ಬ್ರೌಸರ್‌ನಲ್ಲಿರುವ ಜಿಮೇಲ್ ಕೊಡುವುದಿಲ್ಲ. ದಿನಕ್ಕೆ ಹತ್ತು ಬಿಲ್‌ಗಳನ್ನು ಹೀಗೆ ಕಳುಹಿಸುವವರಿಗೆ ಎರಡನೆಯ ಆಯ್ಕೆಯ ಬಗ್ಗೆ ಚರ್ಚೆಯೇ ಬೇಕಿಲ್ಲ.

ಒಂದು ಎಚ್ಚರಿಕೆ. ವಿಂಡೋಸ್‌ನೊಂದಿಗೇ ಬರುತ್ತಿದ್ದ ಮೇಲ್ ಆ್ಯಪ್‌ಗೆ ಮೈಕ್ರೋಸಾಫ್ಟ್ 2024ರ ಡಿಸೆಂಬರ್ 31ಕ್ಕೆ ಬೆಂಬಲ ನಿಲ್ಲಿಸಿ ಹೊಸ ಔಟ್‌ಲುಕ್‌ನ್ನು ಅದರ ಜಾಗಕ್ಕೆ ತಂದಿತು. ಹಳೆಯ ಮೇಲ್ ಆ್ಯಪ್ ಡೀಫಾಲ್ಟ್ ಆಗಿದ್ದ ಕಂಪ್ಯೂಟರ್‌ನಲ್ಲಿ ಈಗ ಲಿಂಕ್ ಒತ್ತಿದರೆ ಅಪರಿಚಿತ ಕಿಟಕಿ ಎದುರಾಗುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಮಿತಿ ಕನ್ನಡದಲ್ಲಿ ಬರೆಯುವವರಿಗೆ ವಿಶೇಷವಾಗಿ ತಟ್ಟುತ್ತದೆ. ಮೇಲ್ ಲಿಂಕ್‌ನೊಳಗೆ ವಿಷಯ ಮತ್ತು ಒಕ್ಕಣೆಯನ್ನು ಮೊದಲೇ ಬರೆದಿಡಬಹುದು. ಆದರೆ ಲಿಂಕಿನಲ್ಲಿ ಕನ್ನಡದ ಪ್ರತಿಯೊಂದು ಯುನಿಕೋಡ್ ಸಂಕೇತವೂ `%E0%B2%A8` ಎಂಬಂತೆ ಒಂಬತ್ತು ಅಕ್ಷರಗಳಾಗಿ ಹಿಗ್ಗುತ್ತದೆ. "ನಮಸ್ಕಾರ" ಎಂಬ ಒಂದು ಪದದಲ್ಲಿ ಒತ್ತು, ದೀರ್ಘ ಎಲ್ಲ ಸೇರಿ ಏಳು ಸಂಕೇತಗಳಿವೆ. ಅದೊಂದೇ 63 ಅಕ್ಷರಗಳಾಗುತ್ತದೆ. ಬ್ರೌಸರ್‌ನಿಂದ ವಿಂಡೋಸ್‌ಗೆ ದಾಟಿಸುವ ಲಿಂಕ್ ಸುಮಾರು 2,000 ಅಕ್ಷರ ಮೀರದಿದ್ದರೆ ಕ್ಷೇಮ ಎಂಬುದು ರೂಢಿಯ ಲೆಕ್ಕ. ಆ ಪ್ರಕಾರ ಕನ್ನಡದ ಒಕ್ಕಣೆ ನಾಲ್ಕೈದು ಸಾಲು ದಾಟುವಷ್ಟರಲ್ಲೇ ಗಡಿ ಮುಟ್ಟುತ್ತದೆ. ಉದ್ದ ಕನ್ನಡ ಒಕ್ಕಣೆಯಿರುವ ಲಿಂಕ್ ಮಾತ್ರ ಸತ್ತಂತಿದ್ದು ಉಳಿದವು ಸರಿಯಿದ್ದರೆ ಇದನ್ನೇ ಮೊದಲು ಸಂಶಯಿಸಬೇಕು.

ಮೂರನೆಯ ಆಯ್ಕೆ: ವಿಂಡೋಸ್‌ನಿಂದ ಕ್ರೋಮ್, ಕ್ರೋಮ್‌ನಿಂದ ಜಿಮೇಲ್

ಪಿಡಿಎಫ್‌ನಿಂದಲೂ ವರ್ಡ್‌ನಿಂದಲೂ ಜಿಮೇಲೇ ತೆರೆಯಬೇಕೆನ್ನುವವರು ಎರಡೂ ದಫ್ತರಗಳನ್ನು ಜೋಡಿಸಬೇಕು: ವಿಂಡೋಸ್‌ನಲ್ಲಿ `MAILTO` ಎದುರಿಗೆ ಕ್ರೋಮ್, ಕ್ರೋಮ್‌ನ ದಫ್ತರದಲ್ಲಿ ಜಿಮೇಲ್. ಮೊದಲನೆಯದನ್ನು ಮಾತ್ರ ಮಾಡಿ ಎರಡನೆಯದನ್ನು ಬಿಟ್ಟರೆ, ವಿಂಡೋಸ್ ಲಿಂಕನ್ನು ಕ್ರೋಮ್‌ಗೆ ಕೊಡುತ್ತದೆ, ಕ್ರೋಮ್‌ಗೆ ಮುಂದೆ ಯಾರಿಗೆ ಕೊಡಬೇಕೆಂದು ತಿಳಿಯುವುದಿಲ್ಲ. ಆಗ ಬರುವುದು ಖಾಲಿ ಟ್ಯಾಬ್, ಅಥವಾ ಅದೂ ಇಲ್ಲ.

ಈ ಜೋಡಣೆ ಸೊಗಸಾಗಿ ಕಂಡರೂ ಎಲ್ಲಿ ಕೈ ಕೊಡುತ್ತದೆಂಬುದನ್ನು ಧಾರವಾಡದ ಒಂದು ಲೆಕ್ಕಪರಿಶೋಧಕರ ಕಚೇರಿಯಲ್ಲಿ ಹತ್ತಿರದಿಂದ ನೋಡಿದ್ದೇನೆ. ಅಲ್ಲಿನ ಸಹಾಯಕಿ ಪಿಡಿಎಫ್‌ನಲ್ಲಿ ಬಂದ ನೋಟಿಸಿನೊಳಗಿನ ಇಮೇಲ್ ವಿಳಾಸವನ್ನು ಒತ್ತಿ ತೋರಿಸಿ, "ಸರ್, ಕ್ರೋಮ್ ಏನೋ ಬರ್ತದ, ಆದ್ರ ಒಳಗ ಏನೂ ಇಲ್ಲ ನೋಡ್ರಿ" ಎಂದರು. ಕ್ರೋಮ್‌ನ ಪುಟಗಳಲ್ಲಿ ಮಾತ್ರ ಅದೇ ಬಗೆಯ ಲಿಂಕ್ ಒತ್ತಿದರೆ ಜಿಮೇಲ್ ಸರಿಯಾಗಿ ತೆರೆಯುತ್ತಿತ್ತು.

ಮೇಲಿನ ಪರೀಕ್ಷೆ ಮಾಡಿದಾಗ ವಿಳಾಸದ ಪಟ್ಟಿಯಿಂದ ಜಿಮೇಲ್ ಬಂತು. ವಿಂಡೋಸ್ ಕೀ ಮತ್ತು R ಪೆಟ್ಟಿಗೆಯಿಂದ ಖಾಲಿ ಕ್ರೋಮ್ ಬಂತು. ರಿಜಿಸ್ಟ್ರಿ `ChromeHTML` ಎಂದು ಹೇಳಿತು, ಅಂದರೆ ವಿಂಡೋಸ್‌ನ ಕಡೆ ಎಲ್ಲ ಸರಿ. ಕ್ರೋಮ್‌ನ ದಫ್ತರದಲ್ಲೂ ಜಿಮೇಲ್‌ನ ಹೆಸರಿತ್ತು. ಎರಡೂ ಸರಿಯಿದ್ದು ಫಲಿತಾಂಶ ತಪ್ಪು ಬರುವುದು ಹೇಗೆಂದು ಸ್ವಲ್ಪ ಹೊತ್ತು ನನಗೂ ಹೊಳೆಯಲಿಲ್ಲ. ಬಳಿಕ ಖಾಲಿ ಕಿಟಕಿಯ ಮೂಲೆಯಲ್ಲಿದ್ದ ಪ್ರೊಫೈಲ್ ಚಿತ್ರ ಬೇರೆಯಾಗಿರುವುದು ಕಣ್ಣಿಗೆ ಬಿತ್ತು. ಆ ಕಂಪ್ಯೂಟರ್‌ನಲ್ಲಿ ಎರಡು ಕ್ರೋಮ್ ಪ್ರೊಫೈಲ್‌ಗಳಿದ್ದವು, ಒಂದು ಕಚೇರಿಯದು, ಇನ್ನೊಂದು ಮಾಲೀಕರ ಸ್ವಂತದ್ದು. ಜಿಮೇಲ್‌ಗೆ ಅನುಮತಿ ಕೊಟ್ಟದ್ದು ಕಚೇರಿಯ ಪ್ರೊಫೈಲಿನಲ್ಲಿ. ಹೊರಗಿನಿಂದ ಬಂದ ಲಿಂಕನ್ನು ಕ್ರೋಮ್ ಕೊನೆಯದಾಗಿ ಬಳಸಿದ ಪ್ರೊಫೈಲಿನಲ್ಲಿ ತೆರೆಯುತ್ತದೆ, ಅಂದು ಬೆಳಿಗ್ಗೆ ಅದು ಮಾಲೀಕರದಾಗಿತ್ತು.

ಮಾಲೀಕರ ಪ್ರೊಫೈಲಿನಲ್ಲೂ ಅನುಮತಿ ಕೊಟ್ಟುಬಿಟ್ಟರೆ ಖಾಲಿ ಟ್ಯಾಬ್‌ನ ಕಾಟ ತಪ್ಪುತ್ತಿತ್ತು ನಿಜ, ಆದರೆ ಕಕ್ಷಿದಾರರ ಕಾಗದಪತ್ರ ಒಂದು ದಿನ ಕಚೇರಿಯ ವಿಳಾಸದಿಂದಲೂ ಮರುದಿನ ಮಾಲೀಕರ ಸ್ವಂತ ವಿಳಾಸದಿಂದಲೂ ಹೋಗುವ ಸ್ಥಿತಿ ಬರುತ್ತಿತ್ತು. ತೆರೆಯದ ಲಿಂಕಿಗಿಂತ ತಪ್ಪು ಖಾತೆಯಲ್ಲಿ ಸದ್ದಿಲ್ಲದೆ ತೆರೆಯುವ ಲಿಂಕ್ ಹೆಚ್ಚು ಅಪಾಯದ್ದು. ಕೊನೆಗೆ ಅಲ್ಲಿ ಥಂಡರ್‌ಬರ್ಡ್ ಹಾಕಿ, ಕಚೇರಿಯ ಖಾತೆಯೊಂದನ್ನೇ ಅದರಲ್ಲಿ ಸೇರಿಸಿ, ವಿಂಡೋಸ್‌ನಲ್ಲಿ ಅದನ್ನು `MAILTO`ಗೆ ಗೊತ್ತು ಮಾಡಿ, ಕ್ರೋಮ್‌ನ ದಫ್ತರದಿಂದ ಜಿಮೇಲ್‌ನ ಹೆಸರನ್ನು ಅಳಿಸಿದೆವು. ಅಳಿಸಿದ್ದು ಮುಖ್ಯ: ಅದು ಉಳಿದಿದ್ದರೆ ಪುಟದಿಂದ ಒತ್ತಿದ್ದು ಒಂದೆಡೆ, ಪಿಡಿಎಫ್‌ನಿಂದ ಒತ್ತಿದ್ದು ಇನ್ನೊಂದೆಡೆ ಹೋಗುತ್ತಿತ್ತು. ಒಂದೇ ಪ್ರೊಫೈಲ್, ಒಂದೇ ಖಾತೆ ಇರುವ ಮನೆಯ ಕಂಪ್ಯೂಟರ್‌ಗಾದರೆ ಈ ಮೂರನೆಯ ಆಯ್ಕೆಯನ್ನೇ ನಾನು ಹೇಳುತ್ತಿದ್ದೆ.

ಯಾವ ಹ್ಯಾಂಡ್ಲರೂ ಬೇಡ, ಲಿಂಕಿನ ಮೇಲೆ ಬಲ ಕ್ಲಿಕ್ ಮಾಡಿ ವಿಳಾಸವನ್ನು ನಕಲಿಸಿಕೊಳ್ಳುತ್ತೇನೆ ಎನ್ನುವವರೂ ಇದ್ದಾರೆ. ಇತರರ ಕಂಪ್ಯೂಟರ್‌ನಲ್ಲಿ, ಸೈಬರ್ ಸೆಂಟರ್‌ನಲ್ಲಿ ಅದೇ ಸರಿ.

ಫೋನ್ ಲಿಂಕ್‌ನ ಲೆಕ್ಕ ಬೇರೆ

`tel:` ಲಿಂಕಿಗೂ ದಫ್ತರಗಳು ಅವೇ. ವಿಂಡೋಸ್‌ನ ಅದೇ ಪೆಟ್ಟಿಗೆಯಲ್ಲಿ `TEL` ಎಂದು ಹುಡುಕಬೇಕು. ಆದರೆ ಆಯ್ಕೆ ಮಾಡುವ ಪ್ರಶ್ನೆ ಬದಲಾಗುತ್ತದೆ, ಏಕೆಂದರೆ ಮೇಲ್ ಬರೆಯಲು ಕಂಪ್ಯೂಟರ್ ಸಾಕು, ಕರೆ ಮಾಡಲು ಅದರ ಹಿಂದೆ ಒಂದು ಫೋನ್ ಸಂಪರ್ಕ ಬೇಕು.

ವಿಂಡೋಸ್‌ನ ಫೋನ್ ಲಿಂಕ್ ಆ್ಯಪ್ ಆರಿಸಿದರೆ ಕರೆ ಹೋಗುವುದು ನಿಮ್ಮದೇ ಮೊಬೈಲಿನಿಂದ, ನಿಮ್ಮದೇ ಸಿಮ್‌ನಿಂದ. ಇದಕ್ಕಾಗಿ ಮೊಬೈಲನ್ನು ಬ್ಲೂಟೂತ್‌ನಲ್ಲಿ ಜೋಡಿಸಿರಬೇಕು ಮತ್ತು ಅದು ಹತ್ತಿರದಲ್ಲೇ ಇರಬೇಕು. ಬ್ಲೂಟೂತ್ ಇಲ್ಲದ ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಆ್ಯಪ್ ತೆರೆಯುತ್ತದೆ, ಕರೆ ಹೋಗುವುದಿಲ್ಲ. ಟೀಮ್ಸ್ ಆರಿಸಿದರೆ ಹೊರಗಿನ ಸಂಖ್ಯೆಗೆ ಕರೆ ಮಾಡುವ ಪರವಾನಗಿಯನ್ನು ನಿಮ್ಮ ಸಂಸ್ಥೆ ಕೊಂಡಿರಬೇಕು. ಇಲ್ಲದಿದ್ದರೆ ಅದೂ ಸುಮ್ಮನೆ ತೆರೆದು ನಿಲ್ಲುತ್ತದೆ. ಇನ್ನು ಸ್ಕೈಪ್‌ನ್ನು ಹ್ಯಾಂಡ್ಲರ್ ಮಾಡಿಟ್ಟಿದ್ದವರ ಲಿಂಕ್‌ಗಳು, ಆ ಸೇವೆ 2025ರ ಮೇ 5ರಂದು ನಿಂತ ಮೇಲೆ, ದಿಕ್ಕಿಲ್ಲದೆ ಉಳಿದಿರುತ್ತವೆ. ಇಡೀ ದಿನ ಗ್ರಾಹಕರಿಗೆ ಕರೆ ಮಾಡುವ ಕೆಲಸವಿದ್ದರೆ ಫೋನ್ ಲಿಂಕ್ ಆ್ಯಪ್ ಜೋಡಿಸಿಕೊಳ್ಳುವುದು ಲಾಭದಾಯಕ. ವಾರಕ್ಕೊಮ್ಮೆ ಕರೆ ಮಾಡುವವರು ಸಂಖ್ಯೆಯನ್ನು ನೋಡಿ ಮೊಬೈಲಿನಲ್ಲಿ ಒತ್ತುವುದೇ ವಾಸಿ ಎಂದು ನನಗನ್ನಿಸುತ್ತದೆ.

`tel:` ಲಿಂಕ್ ಒತ್ತಿದಾಗ ಆ್ಯಪ್ ಸರಿಯಾಗಿ ತೆರೆದರೂ ಕರೆ ಸೇರದ ಒಂದು ಸಂದರ್ಭವಿದೆ. ಮೈಸೂರಿನ ಅಂಗಡಿಯೊಂದು ತನ್ನ ಪುಟದಲ್ಲಿ `tel:0821` ಎಂದು ಆರಂಭವಾಗುವ ಲಿಂಕ್ ಕೊಟ್ಟಿದ್ದರೆ ಊರಿನವರಿಗೆ ಅದು ಸಾಕು. ಅಮೆರಿಕದಲ್ಲಿರುವ ಮಗ ಅದನ್ನು ಒತ್ತಿದರೆ ಅಲ್ಲಿನ ಜಾಲ ಆ ಸಂಖ್ಯೆಯನ್ನು ಗುರುತಿಸುವುದಿಲ್ಲ. ಸೊನ್ನೆಯನ್ನು ಬಿಟ್ಟು `tel:+91821` ಎಂದು ಬರೆದ ಲಿಂಕ್ ಎರಡೂ ಕಡೆ ನಡೆಯುತ್ತದೆ. ಇದನ್ನು ಪುಟ ಬರೆದವರೇ ತಿದ್ದಬೇಕು. ಒತ್ತುವವರು ಸಂಖ್ಯೆಯನ್ನು ನಕಲಿಸಿ, ಮೊದಲ ಸೊನ್ನೆಯನ್ನು ತೆಗೆದು, ಮುಂದೆ +91 ಸೇರಿಸಿಕೊಳ್ಳಬೇಕಾಗುತ್ತದೆ.

ಮೊಬೈಲಿನಲ್ಲಿ

ಮೊಬೈಲಿನಲ್ಲಿ ನಿರ್ಧಾರ ಬಹುಪಾಲು ಫೋನ್‌ನ ವ್ಯವಸ್ಥೆಯದೇ. ಐಫೋನ್‌ನಲ್ಲಿ 2020ರ ಐಓಎಸ್ 14ರಿಂದ ಮೇಲ್ ಆ್ಯಪ್ ಬದಲಿಸಬಹುದು, ಐಓಎಸ್ 18.2ರಿಂದ `Settings`, `Apps`, `Default Apps` ಎಂಬಲ್ಲಿ ಕರೆಯ ಆ್ಯಪ್‌ನ್ನೂ ಬದಲಿಸಬಹುದು. ಆ್ಯಪಲ್‌ನ ಮೇಲ್ ಆ್ಯಪ್‌ನ್ನು ಅಳಿಸಿ, ಬದಲಿಯನ್ನು ಆರಿಸದೇ ಬಿಟ್ಟರೆ ಲಿಂಕ್ ಒತ್ತಿದಾಗ ಅದನ್ನು ಮರಳಿ ತರಬೇಕೇ ಎಂಬ ಪ್ರಶ್ನೆ ಬರುತ್ತದೆ.

ಆಂಡ್ರಾಯ್ಡ್‌ನಲ್ಲಿ ಕರೆಗೆ ಡೀಫಾಲ್ಟ್ ಆ್ಯಪ್ ಆರಿಸುವ ಜಾಗವಿದೆ, ಮೇಲ್‌ಗೆ ಸಾಮಾನ್ಯವಾಗಿ ಇಲ್ಲ. ಎರಡು ಮೇಲ್ ಆ್ಯಪ್‌ಗಳಿದ್ದರೆ ಮೊದಲ ಸಲ ಒತ್ತಿದಾಗ ಈ ಸಲ ಮಾತ್ರವೋ ಯಾವಾಗಲೂವೋ ಎಂದು ಅದು ಕೇಳುತ್ತದೆ. ಯಾವಾಗಲೂ ಎಂದು ತಪ್ಪಾಗಿ ಒತ್ತಿದ್ದರೆ, ಈಗ ತೆರೆಯುತ್ತಿರುವ ಆ್ಯಪ್‌ನ ಐಕಾನ್ ಮೇಲೆ ಬೆರಳು ಒತ್ತಿ ಹಿಡಿದು, ಅದರ ಮಾಹಿತಿ ಪುಟಕ್ಕೆ ಹೋಗಿ, `Open by default` ಎಂಬಲ್ಲಿ ಡೀಫಾಲ್ಟ್‌ಗಳನ್ನು ಅಳಿಸಬೇಕು. ಬೇಕಾದ ಆ್ಯಪ್‌ನ ಪುಟದಲ್ಲಿ ಹುಡುಕಿದರೆ ಅಳಿಸಲು ಏನೂ ಸಿಗುವುದಿಲ್ಲ. ಬೇಡದ ಆ್ಯಪ್‌ನ ಪುಟಕ್ಕೇ ಹೋಗಬೇಕು. ಮುಂದಿನ ಸಲ ಲಿಂಕ್ ಒತ್ತಿದಾಗ ಪ್ರಶ್ನೆ ಮತ್ತೆ ಬರುತ್ತದೆ.